ಹೋಟ್ಲು ತೆಗ್ದಿದ್ರೂ ಮ್ಯಾಪಲ್ಲಿ Temporarily closed ಅಂತ ಬರ್ತಿದ್ಯಾ? ತಪ್ಪು ಎಲ್ಲಿದೆ ಅಂತ ಹುಡುಕೋದು ಹೆಂಗೆ

ಮಂಡ್ಯದಲ್ಲಿ ಗುತ್ತಲು ರಸ್ತೆ ಕಡೆ ನಮ್ಮ ಸೋದರಮಾವಂದು ಒಂದು ಟಿಫನ್ ಹೋಟ್ಲಿದೆ. ಬೆಳಿಗ್ಗೆ 6:30ಕ್ಕೆ ಇಡ್ಲಿ ಇಳ್ಸಿದ್ರೆ ಮಧ್ಯಾಹ್ನ 12ಕ್ಕೆ ಶಟರ್ ಎಳೀತಾರೆ, ಸಂಜೆ 4ಕ್ಕೆ ಮತ್ತೆ ತೆಗ್ದು ರಾತ್ರಿ 9:30ರವರೆಗೆ ದೋಸೆ ಬೋಂಡ ಕಾಫಿ, ಸೋಮವಾರ ರಜಾ. ಒಂದಿನ ಭಾನುವಾರ ಬೆಳಿಗ್ಗೆ 8 ಗಂಟೆಗೆ ಮಾವ ಫೋನ್ ಮಾಡಿದ್ರು: "ಏನ್ಲಾ ಇದು, ಒಳಗೆ ಕೂರಕ್ ಜಾಗ ಇಲ್ದಂಗೆ ಜನ ಅವ್ರೆ, ಮ್ಯಾಪ್ ನೋಡುದ್ರೆ ನಮ್ ಹೋಟ್ಲು ಮುಚ್ಚೋಗದೆ ಅಂತ ತೋರುಸ್ತದಂತೆ, ಒಸಿ ಬಂದು ನೋಡ್ಲಾ". ನಾನು ಮೈಸೂರಿಂದ ಹೋಗಿ ಒಂದಿನ ಕೂತು ಸರಿ ಮಾಡ್ದೆ, ಆದ್ರೆ ಮೊದ್ಲು ಎರಡು ಗಂಟೆ ತಪ್ಪು ಜಾಗದಲ್ಲೇ ಹುಡುಕಿ ಟೈಮ್ ಹಾಳ್ಮಾಡ್ದೆ, ಅದಕ್ಕೇ ಇದನ್ನ ವಿವರವಾಗಿ ಬರೀತಿದೀನಿ.

ಮಂಡ್ಯದೋರಿಗೆ ಇದು ಮೊದ್ಲಿನಂಗಲ್ಲ. 2023ರಲ್ಲಿ ಹೊಸ ಹೈವೇ ಓಪನ್ ಆಗಿ ಬೈಪಾಸ್ ಆದ್ಮೇಲೆ ಬೆಂಗಳೂರು ಮೈಸೂರು ಓಡಾಡೋರು ಊರೊಳಗೆ ಬರೋದೇ ಇಲ್ಲ, ಬರ್ಬೇಕು ಅಂದ್ರೆ ಬೈಪಾಸಿಂದ ಇಳಿಯೋಕ್ ಮುಂಚೆನೇ ಕಾರಲ್ಲಿ ಕೂತು ಫೋನ್ ನೋಡ್ತಾರೆ, ಅಲ್ಲಿ ಕೆಂಪಕ್ಷರದಲ್ಲಿ Closed ಅಂತಿದ್ರೆ ಸೀದಾ ಹೋಗ್ತಾರೆ, ಮುಚ್ಚಿದ್ಯೋ ಇಲ್ವೋ ಅಂತ ಯಾರೂ ಬಂದು ನೋಡಲ್ಲ.

ಮೊದ್ಲು ಏನೂ ಒತ್ಬೇಡಿ, ಅಲ್ಲಿ ಏನ್ ಬರ್ದಿದೆ ಅಂತ ಪೂರ್ತಿ ಓದಿ

ಎಲ್ಲರೂ ಮಾಡೋ ತಪ್ಪು ಅಂದ್ರೆ "ಕ್ಲೋಸ್ಡ್ ಅಂತ ತೋರಿಸ್ತಿದೆ" ಅಂದ ತಕ್ಷಣ ಟೈಮಿಂಗ್ಸ್ ಬದಲಾಯಿಸೋಕೆ ಹೋಗೋದು. ನಾನೂ ಅದನ್ನೇ ಮಾಡ್ದೆ. ಮುಚ್ಚಿದೆ ಅಂತ ತೋರ್ಸೋದು ಒಂದೇ ಥರ ಅಲ್ಲ, ಒಂದೊಂದು ಮಾತಿಗೂ ಕಾರಣ ಬೇರೆ, ರಿಪೇರಿನೂ ಬೇರೆ.

ಬರೀ Closed ಅಂತಿದ್ದು ಪಕ್ಕದಲ್ಲಿ Opens 4 PM ಅನ್ನೋ ಥರ ಒಂದು ಟೈಮ್ ಇದ್ರೆ ಅದು ಟೈಮಿಂಗ್ಸ್ ವಿಷ್ಯ. ನೀವು ತುಂಬಿರೋ ಗಂಟೆ ಪ್ರಕಾರ ಈಗ ಮುಚ್ಚಿರ್ಬೇಕು ಅಂತ ಅದು ಲೆಕ್ಕ ಹಾಕಿ ಹೇಳ್ತಿದೆ, ಗಂಟೆ ತಿದ್ದಿದ್ರೆ ಸರಿ ಹೋಗುತ್ತೆ. Temporarily closed ಅಂತಿದ್ರೆ ಅದಕ್ಕೂ ಗಂಟೆಗೂ ಸಂಬಂಧನೇ ಇಲ್ಲ, ಅದು ಇಡೀ ಅಂಗಡಿ ಮೇಲೆ ಹಾಕಿರೋ ಒಂದು ಬೋರ್ಡ್ ಇದ್ದಂಗೆ, ಒಳಗಡೆ ಎಷ್ಟು ಸಲ ಗಂಟೆ ತಿದ್ದಿದ್ರೂ ಆ ಬೋರ್ಡ್ ಹಂಗೇ ನೇತಾಡ್ತಿರುತ್ತೆ. Permanently closed ಅಂದ್ರೂ ಅದೇ ಜಾತಿ, ಇನ್ನೊಂಚೂರು ಸೀರಿಯಸ್ ಅಷ್ಟೆ. ಇನ್ನು ಹಬ್ಬದ ಟೈಮಲ್ಲಿ ಮಾತ್ರ might affect these hours ಅನ್ನೋ ಸಾಲು ಬಂದ್ರೆ ಅದು ತಪ್ಪೇ ಅಲ್ಲ, ಆ ದಿನ ತೆಗೀತೀರೋ ಇಲ್ವೋ ಅಂತ ನೀವು ಹೇಳಿಲ್ಲ ಅನ್ನೋದು ಅದರ ಅರ್ಥ.

ಇನ್ನೊಂದು, ಓನರ್ ಫೋನಲ್ಲಿ ನೋಡಿ ತೀರ್ಮಾನ ಮಾಡ್ಬೇಡಿ. ಓನರ್ ಅಕೌಂಟಲ್ಲಿ ಲಾಗಿನ್ ಆಗಿರೋ ಫೋನಲ್ಲಿ ನೀವು ತಿದ್ದಿದ್ದು ಮೊದ್ಲೇ ಕಾಣುತ್ತೆ, ಜನಕ್ಕೆ ಅದಿನ್ನೂ ಹೋಗಿರಲ್ಲ. ಪಕ್ಕದ ಮೆಡಿಕಲ್ ಸ್ಟೋರ್ ಹುಡುಗನ ಫೋನ್ ಇಸ್ಕೊಳಿ, ಇಲ್ಲಾಂದ್ರೆ ಬ್ರೌಸರಲ್ಲಿ ಇನ್‌ಕಾಗ್ನಿಟೊ ತೆಗ್ದು ಹೋಟ್ಲ ಹೆಸ್ರು ಜೊತೆ ಊರ ಹೆಸ್ರು ಹಾಕಿ ನೋಡಿ. ಆ ಸ್ಕ್ರೀನ್ ಫೋಟೊ ತೆಗ್ದಿಟ್ಕೊಳಿ, ದಿನ ಗಂಟೆ ಗೊತ್ತಾಗೋ ಥರ, ಆಮೇಲೆ ಹೋಲಿಸಿ ನೋಡೋಕೆ ಬೇಕಾಗುತ್ತೆ.

ಮಾವನ ಹೋಟ್ಲದ್ದು Temporarily closed ಅಂತಿತ್ತು. ಅಂದ್ರೆ ನಾನು ಎರಡು ಗಂಟೆ ಗುದ್ದಾಡಿದ್ದೆಲ್ಲಾ ವೇಸ್ಟು.

ಆ ಬೋರ್ಡ್ ಹಾಕಿದ್ದು ಯಾರು

ಮಾವ ಅಂತೂ ಹಾಕಿಲ್ಲ, ಅವ್ರಿಗೆ ಅದು ಎಲ್ಲಿದೆ ಅಂತನೇ ಗೊತ್ತಿಲ್ಲ. ಇಲ್ಲಿ ಒಂದು ವಿಷ್ಯ ತಿಳ್ಕೊಬೇಕು, ಲಿಸ್ಟಿಂಗ್ ನಿಮ್ಮದಾದ್ರೂ ಅದರಲ್ಲಿರೋ ಮಾಹಿತಿ ನೀವೊಬ್ರೇ ಬರ್ದಿದ್ದಲ್ಲ. ಮ್ಯಾಪಲ್ಲಿ ಪ್ರತಿ ಜಾಗಕ್ಕೂ Suggest an edit ಅಂತಿರುತ್ತೆ, ದಾರೀಲಿ ಹೋಗೋ ಯಾರು ಬೇಕಾದ್ರೂ ಅದನ್ನ ಒತ್ತಿ "ಇದು ಮುಚ್ಚಿದೆ" ಅಂತ ಹೇಳ್ಬೋದು, ಆ ಮಾತು ನಂಬೋ ಥರ ಇದೆ ಅನ್ಸಿದ್ರೆ ಗೂಗಲ್ ಬದಲಾಯಿಸುತ್ತೆ. ಇದು ತಪ್ಪು ವ್ಯವಸ್ಥೆ ಅಂತ ನಾನು ಹೇಳಲ್ಲ, ನಿಜವಾಗ್ಲೂ ಮುಚ್ಚೋಗಿರೋ ಅಂಗಡಿಗಳು ವರ್ಷಗಟ್ಲೆ ಮ್ಯಾಪಲ್ಲಿ ಹಂಗೇ ಇದ್ರೆ ಕಷ್ಟ ನಮಗೇ ಅಲ್ವಾ. ಹಂಗಾದ್ರೆ ಚೆನ್ನಾಗಿ ನಡೀತಿರೋ ಹೋಟ್ಲನ್ನ ಮುಚ್ಚಿದೆ ಅಂತ ಜನ ಯಾಕೆ ಹೇಳಿದ್ರು? ಹೊಟ್ಟೆಕಿಚ್ಚಿನೋರು ಯಾರೋ ಮಾಡಿರ್ಬೇಕು ಅಂತ ಮಾವಂಗೆ ಅನುಮಾನ. ನಂಗೆ ಹಂಗನ್ಸಲಿಲ್ಲ, ರಿವ್ಯೂ ಓದ್ತಾ ಹೋದೆ, ಉತ್ತರ ಅಲ್ಲೇ ಇತ್ತು.

ಕಳೆದ ಎರಡು ತಿಂಗಳಲ್ಲಿ ಒಂದು ಸ್ಟಾರ್ ಕೊಟ್ಟಿದ್ದೋರು ನಾಲ್ಕು ಜನ. ಅದರಲ್ಲಿ ಮೂರು ಜನ ಬರ್ದಿರೋದು ಒಂದೇ ವಿಷ್ಯ: ಓಪನ್ ಅಂತ ತೋರಿಸ್ತಿತ್ತು, ಮಧ್ಯಾಹ್ನ ಬಂದ್ರೆ ಶಟರ್ ಹಾಕಿತ್ತು, ಸುಮ್ನೆ ಬೈಪಾಸಿಂದ ಒಳಗೆ ಬಂದ್ವಿ. ಒಬ್ರು ಶಟರ್ ಎಳ್ದಿರೋ ಫೋಟೊನೂ ಹಾಕಿದ್ರು. ಅಂದ್ರೆ "ತೆಗ್ದಿದ್ರೂ ಮುಚ್ಚಿದೆ ಅಂತ ತೋರಿಸ್ತಿದೆ" ಅನ್ನೋ ಕಾಯಿಲೆಗೆ ಮುಂಚೆ "ಮುಚ್ಚಿದ್ರೂ ತೆಗ್ದಿದೆ ಅಂತ ತೋರಿಸ್ತಿದೆ" ಅನ್ನೋ ಕಾಯಿಲೆ ಇತ್ತು, ಅದನ್ನ ಯಾರೂ ನಮಗೆ ಫೋನ್ ಮಾಡಿ ಹೇಳಿರ್ಲಿಲ್ಲ ಅಷ್ಟೆ.

ಆಗ ಗಂಟೆಗಳನ್ನ ಸರಿಯಾಗಿ ನೋಡ್ದೆ. ಅಲ್ಲಿ ಹಿಂಗಿತ್ತು:

```
6:30 AM – 12:00 AM
```

ಮೇಲ್ನೋಟಕ್ಕೆ ಸರಿ ಅನ್ಸುತ್ತೆ, ಬೆಳಿಗ್ಗೆ ಆರೂವರೆಯಿಂದ ಹನ್ನೆರಡು. ಆದ್ರೆ 12:00 AM ಅಂದ್ರೆ ಮಧ್ಯರಾತ್ರಿ, ಮಧ್ಯಾಹ್ನ ಹನ್ನೆರಡು ಅಂದ್ರೆ 12:00 PM. ಇದು ಎಲ್ಲರಿಗೂ ಗಲಿಬಿಲಿ ಆಗೋ ಜಾಗ, ಬೆಳಗಿನ ಶಿಫ್ಟು ಎಎಮ್‌ನಲ್ಲೇ ಮುಗಿಯುತ್ತೆ ಅಂತ ಮನಸಲ್ಲಿರುತ್ತೆ, ಕೈ ಅದನ್ನೇ ಒತ್ತುತ್ತೆ. ಹಂಗಾಗಿ ಮ್ಯಾಪ್ ಪ್ರಕಾರ ನಮ್ಮ ಹೋಟ್ಲು ಬೆಳಿಗ್ಗೆಯಿಂದ ಮಧ್ಯರಾತ್ರಿವರೆಗೂ ಒಂದೇ ಸಮ ತೆಗ್ದಿರುತ್ತೆ. ಸಂಜೆ ಶಿಫ್ಟ್ ಬೇರೆ ಹಾಕೇ ಇಲ್ಲ, ಯಾಕಂದ್ರೆ ಸಂಜೆ ನೋಡಿದ್ರೂ ಓಪನ್ ಅಂತನೇ ಬರ್ತಿತ್ತಲ್ಲ, ಸರಿ ಇದೆ ಅನ್ಕೊಂಡು ಬಿಟ್ಟಿದ್ದಾರೆ.

ಈಗ ಕೊಂಡಿ ಕೊಂಡಿ ಸೇರಿಸಿ ನೋಡಿ. ಒಂದು ಎಎಮ್ ತಪ್ಪು, ಅದರಿಂದ ಮಧ್ಯಾಹ್ನ 2-3 ಗಂಟೆಗೆ ಬಂದೋರಿಗೆ ಶಟರ್ ದರ್ಶನ, ಓಪನ್ ಅಂತ ಹೇಳೋ ಟೈಮಲ್ಲಿ ಶಟರ್ ಇದೆ ಅಂದ್ರೆ ಅವ್ರು ಅನ್ಕೊಳೋದೇನು, ಈ ಹೋಟ್ಲು ನಿಂತೋಗಿದೆ ಅಂತ. ಅವ್ರು ಹಂಗಂತ ರಿಪೋರ್ಟ್ ಮಾಡಿದ್ದು ಮೋಸ ಅಲ್ಲ, ಕಣ್ಣಲ್ಲಿ ಕಂಡಿದ್ದನ್ನೇ ಹೇಳಿದ್ದಾರೆ. ಶಟರ್ ಫೋಟೊನೂ ಜೊತೆಗಿದೆ. ಮಾವನ ಹಳೇ ಫೋನಲ್ಲಿರೋ ಜಿಮೇಲ್ ತೆಗ್ದು ನೋಡಿದ್ರೆ ನಿಮ್ಮ ಪ್ರೊಫೈಲ್ ಅಪ್‌ಡೇಟ್ ಆಗಿದೆ, ಚೆಕ್ ಮಾಡಿ ಅಂತ ಮೇಲ್ ಬಂದು ಹನ್ನೊಂದು ದಿನ ಆಗಿತ್ತು, ತೆಗ್ದೇ ಇಲ್ಲ.

ಅದಕ್ಕೇ ಹೇಳೋದು, Temporarily closed ಬೋರ್ಡ್ ಒಂದನ್ನೇ ಕಿತ್ತಾಕಿ ಸುಮ್ನಾದ್ರೆ ಹತ್ತು ದಿನದಲ್ಲಿ ಮತ್ತೆ ಬರುತ್ತೆ. ಅದು ಬರೋ ಕಾರಣ ಗಂಟೇಲಿದೆ.

ತಿದ್ದೋದು, ಈ ಕ್ರಮದಲ್ಲೇ

ಮುಂಚೆ ಇದಕ್ಕೆ ಬೇರೆ ಆ್ಯಪ್ ಇತ್ತು, ಈಗ ಇಲ್ಲ, ಪ್ಲೇ ಸ್ಟೋರಲ್ಲಿ ಹುಡುಕ್ತಾ ಕೂರ್ಬೇಡಿ. ಲಿಸ್ಟಿಂಗ್ ಯಾವ ಜಿಮೇಲಲ್ಲಿದೆಯೋ ಆ ಅಕೌಂಟಲ್ಲಿ ಲಾಗಿನ್ ಆಗಿ ಗೂಗಲ್ ಸರ್ಚಲ್ಲಿ my business ಅಂತ ಹಾಕಿ, ಅಥ್ವಾ ಹೋಟ್ಲ ಹೆಸ್ರೇ ಹಾಕಿ, ಮೇಲ್ಗಡೆ Edit profile, Read reviews, Photos ಅಂತ ಬಟನ್‌ಗಳು ಬರುತ್ತೆ. ಅವು ಬರ್ಲಿಲ್ಲ ಅಂದ್ರೆ ತಪ್ಪು ಅಕೌಂಟಲ್ಲಿದೀರ ಅಂತ ಅರ್ಥ. ಹಳೇ ಫೋನು, ಮನೇಲಿರೋ ಮಕ್ಕಳ ಫೋನು, ಎಲ್ಲಾದ್ರಲ್ಲೂ ಹುಡುಕಿ, ಸಾಮಾನ್ಯವಾಗಿ ಯಾರೋ ಒಬ್ಬ ಹುಡುಗ ಮಾಡ್ಕೊಟ್ಟು ಹೋಗಿರ್ತಾನೆ. ವೆರಿಫಿಕೇಶನ್ ಬಾಕಿ ಇದೆ ಅಂತ ತೋರ್ಸಿದ್ರೆ ಮೊದ್ಲು ಅದನ್ನ ಮುಗ್ಸಿ, ಅಲ್ಲೀವರೆಗೂ ನೀವು ತಿದ್ದಿದ್ದು ಜನಕ್ಕೆ ಕಾಣಲ್ಲ. ಈಗೀಗ ವೀಡಿಯೊ ಕೇಳ್ತಾರೆ, ರಸ್ತೆ, ಬೋರ್ಡು, ಒಳಗಿನ ಒಲೆ, ನೀವೇ ಬೀಗ ತೆಗೆಯೋದು ಅಥ್ವಾ ಕ್ಯಾಶ್ ಟೇಬಲ್ ಒಳಗೆ ಹೋಗೋದು, ಎಲ್ಲಾ ನಡುವೆ ಕಟ್ ಮಾಡ್ದೆ ಒಂದೇ ಸಲ ತೆಗೀಬೇಕು.

Edit profile ಒಳಗೆ Hours ಗೆ ಹೋದ್ರೆ ಗಂಟೆ ತುಂಬೋಕ್ ಮುಂಚೆನೇ ಮೇಲ್ಗಡೆ ನಾಲ್ಕು ಆಯ್ಕೆ ಇರುತ್ತೆ, Open with main hours ಅನ್ನೋದು ಒಂದು, Temporarily closed ಅನ್ನೋದು ಇನ್ನೊಂದು. ಬೋರ್ಡ್ ತೆಗೆಯೋ ಜಾಗ ಇದೇ. ನಾನು ಮೊದ್ಲ ಎರಡು ಗಂಟೆ ಇದರ ಕೆಳಗಿರೋ ಗಂಟೆಗಳನ್ನ ಮಾತ್ರ ನೋಡ್ತಿದ್ದೆ, ಮೇಲಿನ ಆಯ್ಕೆ ಕಣ್ಣಿಗೇ ಬಿದ್ದಿರ್ಲಿಲ್ಲ. ಗೂಗಲ್ ಕಡೆಯಿಂದ ಬದಲಾಗಿರೋದನ್ನ ಬೇರೆಯಾಗಿ ಎತ್ತಿ ತೋರಿಸ್ತಾರೆ, ಒಪ್ಕೊತೀರಾ ಬೇಡ್ವಾ ಅಂತ ಕೇಳ್ತಾರೆ, ಓದ್ದೆ ಒಪ್ಕೊಬೇಡಿ.

Open with main hours ಆರಿಸಿ, ಅಲ್ಲೇ ಗಂಟೆನೂ ತಿದ್ದಿ, ಎರಡೂ ಒಟ್ಟಿಗೆ ಸೇವ್ ಮಾಡಿ. ದಿನಕ್ಕೆ ಎರಡು ಶಿಫ್ಟ್ ಇದ್ರೆ ಒಂದೇ ದಿನದ ಕೆಳಗೆ ಇನ್ನೊಂದು ಸಾಲು ಸೇರ್ಸೋಕೆ ಅವಕಾಶ ಇದೆ, ಹಂಗಾಗಿ ನಮ್ಮದು ಮಂಗಳವಾರದಿಂದ ಭಾನುವಾರದವರೆಗೆ ಹಿಂಗಾಯ್ತು:

```
6:30 AM – 12:00 PM
4:00 PM – 9:30 PM
```

ಸೋಮವಾರಕ್ಕೆ Closed ಟಿಕ್. ಸೋಮವಾರ ಖಾಲಿ ಬಿಟ್ಟು ಬೇರೆ ದಿನ ಮಾತ್ರ ತುಂಬಿದ್ರೆ ಆಗುತ್ತೆ ಅಂತ ಅನ್ಕೊಬೇಡಿ, ಅದನ್ನ ಮುಚ್ಚಿದೆ ಅಂತನೇ ಹೇಳ್ಬಿಡಿ.

ಇಲ್ಲಿ ನಮಗೂ ಮಾವಂಗೂ ಒಂದು ಚಿಕ್ಕ ಜಗಳ ಆಯ್ತು. ಅಲ್ಲೇ ಕೆಳಗೆ More hours ಅಂತ ಇರುತ್ತೆ, ಪಾರ್ಸೆಲ್, ಡೆಲಿವರಿ ಥರದ್ದಕ್ಕೆ ಬೇರೆ ಗಂಟೆ. ಮಾವ ಮಧ್ಯಾಹ್ನ 12ರಿಂದ 1ರವರೆಗೆ ಹಿಂದಿನ ಬಾಗ್ಲಲ್ಲಿ ಪಾರ್ಸೆಲ್ ಮಾತ್ರ ಕೊಡ್ತಾರೆ, ಅದಕ್ಕೆ ಮೇನ್ ಟೈಮನ್ನೇ 1 ಗಂಟೆವರೆಗೆ ಹಾಕು ಅಂತಾರೆ. ನಾನು ಬೇಡ ಅಂದೆ. ಓಪನ್ ಅಂತ ತೋರ್ಸಿದ್ಮೇಲೆ ಬಂದೋರಿಗೆ ಕೂತು ತಿನ್ನೋಕೆ ಜಾಗ ಸಿಗ್ಬೇಕು, ಇಲ್ಲಾಂದ್ರೆ ಮತ್ತೆ ಅದೇ ಒಂದು ಸ್ಟಾರು, ಮತ್ತೆ ಅದೇ ರಿಪೋರ್ಟು. ಪಾರ್ಸೆಲ್ ವಿಷ್ಯ ಗೊತ್ತಿರೋ ಊರಿನೋರಿಗೆ ಗೊತ್ತೇ ಇದೆ. ಕೊನೆಗೆ ಮಾವ, "ಆಯ್ತು ಬುಡು, ನೀನ್ ಹೇಳ್ದಂಗೆ ಮಾಡು" ಅಂದ್ರು. ನನ್ನ ಅಭಿಪ್ರಾಯ ಇಷ್ಟೆ, ಶಟರ್ ಎಳೆಯೋ ಟೈಮಿಗಿಂತ ಕೊನೇ ಇಡ್ಲಿ ಸಿಗೋ ಟೈಮನ್ನ ಹಾಕೋದು ಒಳ್ಳೇದು.

ಸೇವ್ ಮಾಡಿದ್ಮೇಲೆ ಪೆಂಡಿಂಗ್ ಅಂತ ಬರ್ಬೋದು. ತುಂಬಾ ಬದಲಾವಣೆಗಳು ಹತ್ತು ನಿಮಿಷದಲ್ಲೇ ಪಾಸ್ ಆಗುತ್ತೆ, ಕೆಲವಕ್ಕೆ 30 ದಿನದವರೆಗೂ ಹಿಡೀಬೋದು ಅಂತ ಅವ್ರೇ ಹೇಳ್ತಾರೆ. ಈ ಮಧ್ಯೆ ಆಗ್ಲಿಲ್ಲ ಅಂತ ಮತ್ತೆ ಮತ್ತೆ ಬದಲಾಯಿಸ್ಬೇಡಿ. ಇನ್ನೂ ಮುಖ್ಯ, ಅದೇ ದಿನ ಉಮೇದಿನಲ್ಲಿ ಹೆಸ್ರು, ವಿಳಾಸ, ಕೆಟಗರಿ ಎಲ್ಲಾ ಒಟ್ಟಿಗೆ ತಿದ್ಬೇಡಿ, ಮತ್ತೆ ವೆರಿಫೈ ಮಾಡಿ ಅಂತ ಕೇಳಿದ್ರೆ ಕೆಲಸ ಡಬ್ಬಲ್ ಆಗುತ್ತೆ. ಬೋರ್ಡಲ್ಲಿ ಇಲ್ಲದ "ಬೆಸ್ಟ್ ತಟ್ಟೆ ಇಡ್ಲಿ ಮಂಡ್ಯ" ಅಂತೆಲ್ಲಾ ಹೆಸ್ರಿಗೆ ಅಂಟಿಸೋದಂತೂ ಬೇಡ್ವೇ ಬೇಡ, ಅದಕ್ಕೆ ಪ್ರೊಫೈಲನ್ನೇ ಸಸ್ಪೆಂಡ್ ಮಾಡ್ಬೋದು.

ಹಬ್ಬದ ದಿನಗಳಿಗೆ Special hours ಬೇರೆ ಇದೆ. ಯುಗಾದಿ, ಗೌರಿ ಗಣೇಶ, ಆಯುಧ ಪೂಜೆ, ಮಹಾಲಯ ಅಮಾವಾಸ್ಯೆ, ಇವು ಪ್ರತಿ ವರ್ಷ ಬೇರೆ ತಾರೀಖಿಗೆ ಬರುತ್ತಲ್ಲ, ನೀವು ಹೋದ್ವರ್ಷ ಹಾಕಿದ್ದು ಆ ತಾರೀಖಿಗೆ ಮಾತ್ರ, ಈ ವರ್ಷ ತಾನಾಗೇ ಬರಲ್ಲ. ಹೊಸ ಪಂಚಾಂಗ ಬಂದಾಗ ಕೂತು ಒಂದೇ ಸಲ ಹಾಕಿಟ್ರೆ ಮುಗೀತು. ಆ ದಿನ ಮಾಮೂಲಿ ಟೈಮೇ ತೆಗೀತೀವಿ ಅಂದ್ರೂ ಅದನ್ನ ಹಾಕಿ ಖಚಿತ ಮಾಡಿ, ಆಗ ಆ might affect ಸಾಲು ಹೋಗುತ್ತೆ. ದಸರಾ ಟೈಮಲ್ಲಿ ಮೈಸೂರಿಗೆ ಹೋಗೋ ಜನ ಎಷ್ಟಿರ್ತಾರೆ ಅಂತ ಹೇಳ್ಬೇಕಾಗಿಲ್ಲ. ಒಂದೆರಡು ದಿನದ ರಜೆಗೆ ಇದು ಸಾಕು, ಮಗಳ ಮದುವೆ, ತೀರ್ಥಯಾತ್ರೆ ಅಂತ ವಾರಕ್ಕಿಂತ ಜಾಸ್ತಿ ಮುಚ್ಚಿದ್ರೆ ಮಾತ್ರ ನೀವೇ Temporarily closed ಹಾಕಿ, ವಾಪಸ್ ಬಂದ ದಿನ ತೆಗೆಯೋದು ಮರೀಬೇಡಿ.

ಫೋಟೊ ಮತ್ತೆ ವಿವರಣೆ

ಗಂಟೆ ಸರಿ ಆದ್ರೂ ಪ್ರೊಫೈಲ್ ತೆಗ್ದ ತಕ್ಷಣ ಮೊದ್ಲ ಫೋಟೊ ಅದೇ ಶಟರ್ ಎಳ್ದಿರೋದು. ಮಾವ ಅದನ್ನ ಡಿಲೀಟ್ ಮಾಡು ಅಂದ್ರು. ಗ್ರಾಹಕರು ಹಾಕಿರೋ ಫೋಟೊ ನಾವು ಅಳ್ಸೋಕೆ ಆಗಲ್ಲ, ಬೇರೆ ಯಾವ್ದೋ ಅಂಗಡಿದು, ಅಸಭ್ಯವಾಗಿದೆ ಅಂಥದ್ದಕ್ಕೆ ಮಾತ್ರ ರಿಪೋರ್ಟ್ ಮಾಡ್ಬೋದು. ಶಟರ್ ಫೋಟೊ ನಮ್ಮದೇ ಅಂಗಡಿದು, ನಿಜಾನೇ. ಇರೋ ದಾರಿ ಒಂದೇ, ಅದಕ್ಕಿಂತ ಒಳ್ಳೇ ಫೋಟೊ ನಾವು ಹಾಕೋದು.

ನೋಡಿದ್ರೆ ಮಾವನ ಕಡೆಯಿಂದ ಹಾಕಿದ್ದು ಒಂದೇ ಫೋಟೊ, ಅದೂ ಓಪನಿಂಗ್ ದಿನ ಡಿಸೈನ್ ಮಾಡ್ಸಿದ ಪೋಸ್ಟರು, ಪೂರ್ತಿ ಅಕ್ಷರ, ಬಲೂನು, ಫೋನ್ ನಂಬರ್. ಅಂಥದ್ದು ಜಾಗದ ಫೋಟೊ ಅಲ್ಲ, ಅಲ್ಲಿ ನಿಲ್ಲಲ್ಲ. ಮಾರನೇ ದಿನ ಬೆಳಿಗ್ಗೆ 7:30ಕ್ಕೆ ಎದುರು ಫುಟ್‌ಪಾತಲ್ಲಿ ನಿಂತು ಬೋರ್ಡ್, ತೆಗ್ದಿರೋ ಶಟರ್, ಪಕ್ಕದ ಅಂಗಡಿ ಮೂರೂ ಕಾಣೋ ಥರ ಒಂದು ಅಡ್ಡ ಫೋಟೊ ತೆಗ್ದೆ, ಬರೋರು ಗಾಡಿಯಿಂದ ಹೆಂಗೆ ನೋಡ್ತಾರೋ ಆ ದಿಕ್ಕಿಂದ. ಒಳಗಡೆ ಟೇಬಲ್‌ಗಳದ್ದು ಎರಡು, ಹಬೆ ಏಳ್ತಿರೋ ಇಡ್ಲಿ ಪಾತ್ರೆದು ಒಂದು, ಎಲೆ ಮೇಲೆ ಖಾಲಿ ದೋಸೆ ಪಲ್ಯ, ಖಾರಾಬಾತ್ ಕೇಸರಿಬಾತ್, ಗೋಡೆ ಮೇಲಿನ ರೇಟ್ ಬೋರ್ಡು. ಊಟ ಮಾಡ್ತಿದ್ದೋರ ಮುಖ ಬರ್ದಂಗೆ ನೋಡ್ಕೊಂಡೆ.

ಎರಡು ಫೋಟೊ ಅಪ್ಲೋಡ್ ಆಗ್ಲಿಲ್ಲ. ಕಾರಣ ಸೈಜು. ಜೆಪಿಜಿ ಅಥ್ವಾ ಪಿಎನ್‌ಜಿ ಇರ್ಬೇಕು, 10 ಕೆಬಿಯಿಂದ 5 ಎಂಬಿ ಒಳಗಿರ್ಬೇಕು, 720 × 720 ಪಿಕ್ಸೆಲ್ ಇದ್ರೆ ಒಳ್ಳೇದು ಅಂತಾರೆ, 250 × 250ಕ್ಕಿಂತ ಕಮ್ಮಿ ಆಗ್ಬಾರ್ದು. ಈಗಿನ ಫೋನಲ್ಲಿ ತೆಗ್ದಿದ್ದು ಸುಮಾರು ಸಲ 5 ಎಂಬಿ ದಾಟುತ್ತೆ, ಸ್ವಲ್ಪ ಕ್ರಾಪ್ ಮಾಡಿ ಸೇವ್ ಮಾಡಿದ್ರೆ ಇಳಿಯುತ್ತೆ. ಅದಕ್ಕೆ ಅಂತ ವಾಟ್ಸಾಪಲ್ಲಿ ಕಳ್ಸಿ ಇಳಿಸ್ಕೊಂಡು ಹಾಕಿದ್ರೆ ಮಸುಕಾಗುತ್ತೆ, ಕಳ್ಸಲೇಬೇಕಿದ್ರೆ ಡಾಕ್ಯುಮೆಂಟ್ ಥರ ಕಳ್ಸಿ. ಹೋಟ್ಲ ಮುಂಭಾಗದ ಫೋಟೊನ ಕವರ್ ಅಂತ ಆರಿಸ್ದೆ, ಆದ್ರೆ ಕವರ್ ಅಂತ ಆರಿಸಿದ್ದೇ ಮೊದ್ಲು ಬರುತ್ತೆ ಅಂತ ಗ್ಯಾರಂಟಿ ಇಲ್ಲ, ಅದನ್ನ ಅವ್ರೇ ತೀರ್ಮಾನ ಮಾಡ್ತಾರೆ. ನಮಗೆ ನಾಲ್ಕನೇ ದಿನ ಶಟರ್ ಹಿಂದಕ್ಕೆ ಹೋಗಿ ಬೆಳಗಿನ ಫೋಟೊ ಮುಂದೆ ಬಂತು.

ವಿವರಣೆಯಲ್ಲೂ ಗಂಟೆ ತಪ್ಪಿನ ಒಂದು ತುಂಡು ಸಿಕ್ತು. ಯಾರೋ ಬರ್ದಿದ್ರು, "ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ" ಅಂತ. ಮೇಲೆ ಒಂದು ಟೈಮ್, ಕೆಳಗೆ ಒಂದು ಟೈಮ್, ಓದೋರು ಯಾವ್ದನ್ನ ನಂಬ್ಬೇಕು? ವಿವರಣೇಲಿ ಗಂಟೆ ಬರೀಲೇಬೇಡಿ, ಗಂಟೆಗೆ ಅದರದ್ದೇ ಜಾಗ ಇದೆ, ಎರಡು ಕಡೆ ಬರ್ದ್ರೆ ಒಂದು ಕಡೆ ತಿದ್ದೋದು ಮರ್ತೇ ಮರೀತೀವಿ. ಲಿಂಕು, ಆಫರ್ರು, ರೇಟು ಹಾಕಿದ್ರೂ ರಿಜೆಕ್ಟ್ ಆಗುತ್ತೆ. ಒಟ್ಟು 750 ಕ್ಯಾರೆಕ್ಟರ್, ಕನ್ನಡದಲ್ಲಿ ಕಾಗುಣಿತ ಒತ್ತಕ್ಷರ ಎಲ್ಲಾ ಬೇರೆ ಬೇರೆ ಲೆಕ್ಕಕ್ಕೆ ಬರೋದ್ರಿಂದ ನಾವು ಅನ್ಕೊಂಡಿದ್ದಕ್ಕಿಂತ ಬೇಗ ತುಂಬುತ್ತೆ. ಮಾವಂಗೆ ಓದಿ ಹೇಳಿ ಒಪ್ಪಿಸಿ ಹಾಕಿದ್ದು ಇದು:

"ಗುತ್ತಲು ರಸ್ತೆ ಕಡೆ ಇರುವ ಸಸ್ಯಾಹಾರಿ ಟಿಫನ್ ಹೋಟೆಲ್. ಬೆಳಿಗ್ಗೆ ತಟ್ಟೆ ಇಡ್ಲಿ, ವಡೆ, ಖಾಲಿ ದೋಸೆ, ಖಾರಾಬಾತ್, ಕೇಸರಿಬಾತ್. ಸಂಜೆ ಮಸಾಲೆ ದೋಸೆ, ಬೋಂಡ, ಫಿಲ್ಟರ್ ಕಾಫಿ. ಮಧ್ಯಾಹ್ನದ ಊಟ ಇರುವುದಿಲ್ಲ. ಕೂತು ತಿನ್ನಲು 18 ಜನರಿಗೆ ಜಾಗವಿದೆ. ಕಾರು ನಿಲ್ಲಿಸಲು ಎದುರಿನ ಖಾಲಿ ಜಾಗ ಬಳಸಬಹುದು."

"ಮಧ್ಯಾಹ್ನದ ಊಟ ಇರುವುದಿಲ್ಲ" ಅನ್ನೋ ಸಾಲು ಮಾವಂಗೆ ಇಷ್ಟ ಇರ್ಲಿಲ್ಲ, ಇಲ್ಲ ಅನ್ನೋದನ್ನ ಯಾಕ್ ಬರೀಬೇಕು ಅಂತ. ಆದ್ರೆ ನಮ್ಮ ನಾಲ್ಕು ಒಂದು ಸ್ಟಾರಲ್ಲಿ ಮೂರು ಆ ಸಾಲು ಇಲ್ಲದ್ದಕ್ಕೇ ಬಂದಿದ್ದು.

ರಿವ್ಯೂಗೆ ಉತ್ತರ, ಎಲ್ಲಾ ಸರಿ ಆದ್ಮೇಲೆ

ಇದನ್ನ ಕೊನೆಗೆ ಇಟ್ಟಿದ್ದು ಬೇಕಂತಲೇ. ನೀವು ಉತ್ತರ ಹಾಕಿದ ತಕ್ಷಣ ರಿವ್ಯೂ ಬರ್ದೋರಿಗೆ ನೋಟಿಫಿಕೇಶನ್ ಹೋಗುತ್ತೆ, ಅವ್ರು ಬಂದು ಮತ್ತೆ ನಿಮ್ಮ ಪ್ರೊಫೈಲ್ ನೋಡ್ತಾರೆ. "ಸರಿ ಮಾಡಿದೀವಿ" ಅಂತ ಬರ್ದು ಅಲ್ಲಿನ್ನೂ 12 AM ಇದ್ರೆ ಇನ್ನೊಂದ್ಸಲ ಮಾನ ಹೋಗುತ್ತೆ. ಗಂಟೆ ಜನಕ್ಕೆ ಸರಿಯಾಗಿ ಕಾಣ್ತಿದೆ ಅಂತ ಬೇರೆ ಫೋನಲ್ಲಿ ನೋಡಿದ್ಮೇಲೆನೇ ನಾವು ಉತ್ತರ ಬರ್ದಿದ್ದು.

ಶಟರ್ ನೋಡಿ ವಾಪಸ್ ಹೋದ ಮೂರು ಜನಕ್ಕೆ ಒಂದೇ ಕಾಪಿ ಪೇಸ್ಟ್ ಹಾಕ್ಲಿಲ್ಲ, ಆದ್ರೆ ವಿಷ್ಯ ಇದೇ:

"ನೀವು ಬಂದ ದಿನ ತೊಂದರೆ ಆಗಿದ್ದಕ್ಕೆ ಕ್ಷಮಿಸಿ ಸರ್. ತಪ್ಪು ನಮ್ಮದೇ, ಮಧ್ಯಾಹ್ನ 12 ಅಂತ ಹಾಕೋ ಜಾಗದಲ್ಲಿ ರಾತ್ರಿ 12 ಅಂತ ತುಂಬಿದ್ವಿ. ಈಗ ಸರಿ ಮಾಡಿದೀವಿ. ಮಧ್ಯಾಹ್ನ 12ರಿಂದ 4ರವರೆಗೆ ಹೋಟೆಲ್ ಇರಲ್ಲ, ಸೋಮವಾರ ರಜೆ. ಮತ್ತೆ ಈ ಕಡೆ ಬಂದಾಗ ಬೆಳಿಗ್ಗೆ ಬನ್ನಿ."

ಇದನ್ನ ಅವ್ರೊಬ್ರೇ ಓದಲ್ಲ, ಆಮೇಲೆ ಬರೋ ಪ್ರತಿಯೊಬ್ರೂ ಓದ್ತಾರೆ, ಅದಕ್ಕೇ ಟೈಮಿಂಗ್ಸ್ ಮತ್ತೆ ಹೇಳಿದ್ದು. ಇಲ್ಲಿ ಟೈಮ್ ಬರೀಬೋದಾ, ವಿವರಣೇಲಿ ಬೇಡ ಅಂದ್ಯಲ್ಲ ಅಂತ ಕೇಳ್ಬೋದು. ಉತ್ತರದ ಪಕ್ಕ ಎಷ್ಟು ದಿನ ಆಯ್ತು ಅಂತ ಕಾಣುತ್ತೆ, ಹಳೇದು ಅಂತ ಓದೋರಿಗೆ ಗೊತ್ತಾಗುತ್ತೆ, ವಿವರಣೆಗೆ ಅದಿಲ್ಲ.

ಮಾವ ಒಳ್ಳೇ ಮನಸಿಂದ ಒಂದು ಮಾತು ಹೇಳಿದ್ರು, "ಪಾಪ ಬಂದು ವಾಪಸ್ ಹೋಗವ್ರೆ, ಸ್ಟಾರ್ ಜಾಸ್ತಿ ಮಾಡುದ್ರೆ ಮುಂದಿನ್ ಸಲ ಕಾಫಿ ಫ್ರೀ ಅಂತ ಹಾಕ್ಲಾ". ಹಾಕ್ಬಾರ್ದು. ರಿವ್ಯೂ ಬರ್ಸೋಕೆ, ಬದಲಾಯಿಸೋಕೆ, ತೆಗ್ಸೋಕೆ ಏನೇ ಕೊಡ್ತೀವಿ ಅಂದ್ರೂ ಅದು ನಿಯಮಕ್ಕೆ ವಿರುದ್ಧ, ಅದನ್ನ ಎಲ್ಲರ ಮುಂದೆ ಬರ್ದು ಹಾಕೋದಂತೂ ಇನ್ನೂ ಕೆಟ್ಟದ್ದು. ಅವ್ರು ಬಂದಾಗ ಗುರುತು ಸಿಕ್ಕಿ ಪ್ರೀತಿಯಿಂದ ಕಾಫಿ ಕೊಟ್ರೆ ಅದು ಬೇರೆ, ಸ್ಟಾರಿಗೂ ಅದಕ್ಕೂ ಗಂಟು ಹಾಕ್ಬಾರ್ದು.

ಬರೀ ಐದು ಸ್ಟಾರ್ ಕೊಟ್ಟು ಏನೂ ಬರೀದೋರಿಗೆ ಧನ್ಯವಾದ ಅಂತ ಒಂದು ಸಾಲು ಸಾಕು. ಉಪ್ಪು ಜಾಸ್ತಿ, ಚಟ್ನಿ ನೀರು ಅಂತ ಬರ್ದೋರಿಗೆ ವಾದ ಮಾಡ್ಬೇಡಿ.

ನಾಲ್ಕನೇ ಒಂದು ಸ್ಟಾರ್ ಬಗ್ಗೆ ಹೇಳ್ಬೇಕು. ಅದರಲ್ಲಿ "ಬಿರಿಯಾನಿ ಡ್ರೈ ಆಗಿತ್ತು, ಕಬಾಬ್ ತಣ್ಣಗಿತ್ತು" ಅಂತಿದೆ. ನಮ್ಮದು ಸಸ್ಯಾಹಾರಿ ಹೋಟ್ಲು, ಬೇರೆ ಎಲ್ಲೋ ತಿಂದು ನಮ್ಮದಕ್ಕೆ ಹಾಕಿದ್ದಾರೆ. ಇಂಥದ್ದನ್ನ ಮೂರು ಚುಕ್ಕೆ ಒತ್ತಿ ರಿಪೋರ್ಟ್ ಮಾಡ್ಬೋದು, ಕಾರಣ ಆರಿಸೋವಾಗ ವಿಷಯಕ್ಕೆ ಸಂಬಂಧ ಇಲ್ಲ ಅನ್ನೋದನ್ನ ಆರ್ಸಿ. ಕೆಟ್ಟದಾಗಿ ಬರ್ದಿದ್ದಾರೆ ಅನ್ನೋದೊಂದೇ ಕಾರಣಕ್ಕೆ ಯಾವ ರಿವ್ಯೂನೂ ತೆಗ್ಯಲ್ಲ, ನಿಯಮ ಮುರ್ದಿರ್ಬೇಕು. ಕೆಲವು ದಿನ ಹಿಡಿಯುತ್ತೆ, ಒಪ್ಲಿಲ್ಲ ಅಂದ್ರೆ ಒಂದ್ಸಲ ಅಪೀಲ್ ಹಾಕೋ ಅವಕಾಶ ಇದೆ. ಕಾಯೋ ಹೊತ್ತಲ್ಲಿ ಸುಮ್ನಿರ್ಬೇಡಿ, "ನಮ್ಮದು ಸಸ್ಯಾಹಾರಿ ಹೋಟೆಲ್, ಇಲ್ಲಿ ಬಿರಿಯಾನಿ ಕಬಾಬ್ ಮಾಡಲ್ಲ, ಬೇರೆ ಹೋಟೆಲಿಗೆ ಬರೆಯೋದು ಇಲ್ಲಿ ಬಂದಿರಬಹುದು, ದಯವಿಟ್ಟು ಒಮ್ಮೆ ನೋಡಿ" ಅಂತ ಮರ್ಯಾದೆಯಿಂದ ಉತ್ತರ ಹಾಕಿ.

ಸರಿ ಆಯ್ತಾ ಅಂತ ನೋಡೋದು ಹೆಂಗೆ

ಬೆಳಿಗ್ಗೆ ಓಪನ್ ಅಂತ ಬಂದ್ರೆ ಸಾಲ್ದು, ಬೆಳಿಗ್ಗೆ ಮುಂಚೆನೂ ಓಪನ್ ಅಂತನೇ ಬರ್ತಿತ್ತು. ಮಧ್ಯಾಹ್ನ 2 ಗಂಟೆಗೆ ಬೇರೆಯವ್ರ ಫೋನಲ್ಲಿ ನೋಡಿ, Closed, Opens 4 PM ಅಂತ ಬರ್ಬೇಕು. ರಾತ್ರಿ 10ಕ್ಕೆ ಒಂದ್ಸಲ, ಸೋಮವಾರ ಬೆಳಿಗ್ಗೆ ಒಂದ್ಸಲ. ಮುಚ್ಚಿರೋ ಹೊತ್ತಲ್ಲಿ ಮುಚ್ಚಿದೆ ಅಂತ ಸರಿಯಾಗಿ ತೋರಿಸ್ತಿದ್ರೆ ಮಾತ್ರ ಗಂಟೆ ಸರಿ ಕೂತಿದೆ ಅಂತ ಅರ್ಥ. ನಮ್ಮದು Temporarily closed ಅರ್ಧ ಗಂಟೇಲಿ ಹೋಯ್ತು, ಗಂಟೆ ಮಾರನೇ ದಿನ ಸರಿಯಾಗಿ ಕಂಡ್ತು. ಆ ಜಿಮೇಲನ್ನ ಮಾವನ ಮಗಳ ಫೋನಿಗೂ ಹಾಕಿದೀವಿ, ಗೂಗಲಿಂದ ಮೇಲ್ ಬಂದ್ರೆ ಅವಳು ಅವತ್ತೇ ನೋಡ್ತಾಳೆ.

ಶಟರ್ ನೋಡಿ ಹೋದ ಮೂವರಲ್ಲಿ ಒಬ್ರು ಎರಡು ವಾರ ಬಿಟ್ಟು ಬೆಳಿಗ್ಗೆ ಬಂದು ತಿಂದು ಹೋಗಿ ಅವ್ರೇ ತಮ್ಮ ರಿವ್ಯೂನ ನಾಲ್ಕು ಸ್ಟಾರಿಗೆ ಬದಲಾಯಿಸಿದ್ದಾರೆ, ಇನ್ನಿಬ್ರದ್ದು ಹಂಗೇ ಇದೆ. ಬಿರಿಯಾನಿದು ಮೊದ್ಲ ರಿಪೋರ್ಟಲ್ಲಿ ಹೋಗ್ಲಿಲ್ಲ, ಬೋರ್ಡಲ್ಲಿ ಸಸ್ಯಾಹಾರಿ ಅಂತ ಬರ್ದಿರೋದು ಫೋಟೊಗಳಲ್ಲಿ ಕಾಣುತ್ತೆ ಅಂತ ಹೇಳಿ ಮೊನ್ನೆ ಗುರುವಾರ ಅಪೀಲ್ ಹಾಕಿದೀವಿ.